ಮಗುವಿಗೆ ಪದೇ ಪದೇ ಕಿವಿ ಇನ್ಫೆಕ್ಷನ್ ಆಗ್ತಿದ್ರೆ ಏನ್ ನೋಡ್ಬೇಕು, ಗ್ರೋಮೆಟ್ ಯಾವಾಗ ಹಾಕಿಸ್ಬೇಕು

ಕಿವಿ ತೊಂದರೆ ಇರೋ ಮಕ್ಕಳನ್ನ ನನ್ನ ಹತ್ರ ಕರ್ಕೊಂಡು ಬರೋ ಅಪ್ಪ ಅಮ್ಮಂದಿರು ಕೂತ ತಕ್ಷಣ ಹೇಳೋದು ಲೆಕ್ಕ. "ಡಾಕ್ಟ್ರೇ, ಆರು ತಿಂಗಳಲ್ಲಿ ಇದು ನಾಲ್ಕನೇ ಸಲ, ಪ್ರತಿ ಸಲ ಆ್ಯಂಟಿಬಯೋಟಿಕ್, ಕಿವಿಗೆ ಟ್ಯೂಬ್ ಹಾಕಿಸ್ಬೇಕು ಅಂತಿದ್ದಾರೆ, ಹಾಕಿಸ್ಲಾ?" ಎಷ್ಟು ಸಲ ಆಯ್ತು ಅನ್ನೋದು ಮುಖ್ಯಾನೇ, ಆದ್ರೆ ಅದೊಂದೇ ನೋಡಿ ತೀರ್ಮಾನ ಮಾಡೋಕಾಗಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ, ಜ್ವರ ನೋವು ಎಲ್ಲಾ ಹೋಗಿ ಮಗು ಆಟ ಆಡ್ಕೊಂಡು ಚೆನ್ನಾಗಿರೋ ದಿನಗಳಲ್ಲಿ ಕಿವಿತಮಟೆ ಹಿಂದೆ ನೀರು ಉಳ್ಕೊಂಡಿದ್ಯಾ ಇಲ್ವಾ? ಗ್ರೋಮೆಟ್, ಅಂದ್ರೆ ಕಿವಿತಮಟೆಗೆ ಹಾಕೋ ಆ ಪುಟ್ಟ ಟ್ಯೂಬ್, ಬೇಕಾ ಬೇಡ್ವಾ ಅನ್ನೋದು ಬಹುಪಾಲು ಈ ಒಂದು ಪ್ರಶ್ನೆ ಮೇಲೆ ನಿಲ್ಲುತ್ತೆ, ಆದ್ರೆ ಇದನ್ನ ಕೇಳೋರೇ ಕಡಿಮೆ.

ಮಕ್ಕಳಿಗೇ ಯಾಕೆ ಹೀಗಾಗುತ್ತೆ

ಕಿವಿತಮಟೆ ಹಿಂದೆ ಒಂದು ಪುಟ್ಟ ಜಾಗ ಇದೆ, ಅದೇ ನಡುಗಿವಿ. ಅಲ್ಲಿ ಗಾಳಿ ಇರ್ಬೇಕು. ಆ ಗಾಳಿ ಬರೋದು ಮೂಗಿನ ಹಿಂಭಾಗದಿಂದ, ಯೂಸ್ಟೇಷಿಯನ್ ಟ್ಯೂಬ್ ಅನ್ನೋ ಸಣ್ಣ ಕೊಳವೆ ಮೂಲಕ. ಈ ಕೊಳವೆ ಸಾಮಾನ್ಯವಾಗಿ ಮುಚ್ಕೊಂಡೇ ಇರುತ್ತೆ, ನಾವು ಎಂಜಲು ನುಂಗಿದಾಗ, ಆಕಳಿಸಿದಾಗ ಅಂಗುಳದ ಸ್ನಾಯು ಎಳೆದು ಒಂದು ಕ್ಷಣ ತೆರೆಯುತ್ತೆ, ಒಂಚೂರು ಗಾಳಿ ಒಳಗೆ ಹೋಗುತ್ತೆ, ಒಳಗಿನ ನೀರು ಹೊರಗೆ ಹರಿಯುತ್ತೆ. ದೊಡ್ಡವರಲ್ಲಿ ಇದು ಸುಮಾರು 35 ಮಿಲಿಮೀಟರ್ ಉದ್ದ, ಓರೆಯಾಗಿ ಕೆಳಕ್ಕೆ ಇಳಿಯುತ್ತೆ. ಕೂಸಿನಲ್ಲಿ ಅದರ ಅರ್ಧದಷ್ಟೇ ಉದ್ದ, ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿರುತ್ತೆ, ಗೋಡೆ ಮೆತ್ತಗಿರುತ್ತೆ, ತೆರೆಯೋ ಸ್ನಾಯುಗೂ ಇನ್ನೂ ಅಷ್ಟು ಶಕ್ತಿ ಇರಲ್ಲ.

ಹಾಗಾಗಿ ಒಂದು ನೆಗಡಿ ಬಂದ್ರೆ ಸಾಕು, ಕೊಳವೆ ಊದಿ ಮುಚ್ಕೊಳುತ್ತೆ, ಒಳಗಿರೋ ಗಾಳಿನ ಸುತ್ತಲಿನ ಪೊರೆ ಹೀರ್ಕೊಳುತ್ತೆ, ಒತ್ತಡ ಕಡಿಮೆ ಆಗಿ ಆ ಜಾಗಕ್ಕೆ ನೀರು ಜಿನುಗುತ್ತೆ, ಮೂಗಿನ ಹಿಂದೆ ಮೊದಲಿಂದ್ಲೂ ವಾಸ ಮಾಡ್ತಿರೋ ಬ್ಯಾಕ್ಟೀರಿಯಾ ಆ ನೀರಿಗೆ ಬಂದು ಸೇರಿದ್ರೆ ಕೀವು. ಅಂದ್ರೆ ಕಿವಿ ಇನ್ಫೆಕ್ಷನ್ ಹೊರಗಿಂದ ನೀರು ಹೋಗಿ ಆಗೋದಲ್ಲ, ತಲೆಗೆ ಸ್ನಾನ ಮಾಡಿಸಿದ್ದಕ್ಕೆ ಆಗೋದೂ ಅಲ್ಲ, ಮೂಗಿನ ಕಡೆಯಿಂದ ಬರೋದು. 6 ತಿಂಗಳಿಂದ 2 ವರ್ಷದ ಮಧ್ಯೆ ಇದು ಅತಿ ಹೆಚ್ಚು, ಯಾಕಂದ್ರೆ ಕೊಳವೆ ಚಿಕ್ಕದು, ರೋಗನಿರೋಧಕ ಶಕ್ತಿ ಇನ್ನೂ ಕಲೀತಾ ಇದೆ, ನೆಗಡಿ ಮೇಲೆ ನೆಗಡಿ ಬರ್ತಾ ಇರುತ್ತೆ. ಸುಮಾರು 7 ವರ್ಷದ ಹೊತ್ತಿಗೆ ಕೊಳವೆ ಬೆಳೆದು ಹೆಚ್ಚಿನ ಮಕ್ಕಳಲ್ಲಿ ತೊಂದರೆ ತಾನಾಗೇ ನಿಲ್ಲುತ್ತೆ. ಸೀಳಂಗುಳ ಇರೋ ಮಕ್ಕಳಲ್ಲಿ ಮತ್ತೆ ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲಿ ಮಾತ್ರ ಕೊಳವೆ ಕೆಲಸ ಮಾಡೋದೇ ಕಷ್ಟ, ಅವರ ದಾರಿ ಬೇರೆ, ಅವರನ್ನ ಶುರುವಿಂದ್ಲೇ ಇಎನ್‌ಟಿ ಡಾಕ್ಟರ್ ನೋಡ್ತಾ ಇರ್ಬೇಕು.

ಮೊದಲು ಮಾಡೋ ಕೆಲಸ: ಆದದ್ದೆಲ್ಲಾ ನಿಜವಾಗ್ಲೂ ಇನ್ಫೆಕ್ಷನ್ನಾ ಅಂತ ನೋಡಿ

ಇದನ್ನ ನಾನು ಸ್ವಲ್ಪ ಒತ್ತಿ ಹೇಳ್ತೀನಿ, ಯಾಕಂದ್ರೆ ಲೆಕ್ಕ ತಪ್ಪೋದು ಇಲ್ಲೇ. ಮಗು ಕಿವಿ ಎಳ್ಕೊಳ್ತು ಅಂದ ಮಾತ್ರಕ್ಕೆ ಇನ್ಫೆಕ್ಷನ್ ಅಲ್ಲ, ಹಲ್ಲು ಬರೋವಾಗ್ಲೂ ಎಳ್ಕೊಳುತ್ತೆ, ನಿದ್ದೆ ಬಂದಾಗ್ಲೂ ಎಳ್ಕೊಳುತ್ತೆ. ಕಿವಿತಮಟೆ ಕೆಂಪಗಿದೆ ಅಂದ್ರೂ ಸಾಕಾಗಲ್ಲ, ಜೋರಾಗಿ ಅತ್ತ ಮಗುವಿನ ತಮಟೆ ಕೆಂಪಾಗೇ ಇರುತ್ತೆ, ಜ್ವರ ಇದ್ರೂ ಕೆಂಪಾಗುತ್ತೆ. ನಿಜವಾದ ಇನ್ಫೆಕ್ಷನ್‌ನಲ್ಲಿ ತಮಟೆ ಹೊರಗಡೆಗೆ ಉಬ್ಬಿರುತ್ತೆ, ಹಿಂದೆ ಕೀವು ತುಂಬಿ ತಳ್ಳಿರುತ್ತೆ, ಅಥವಾ ತಮಟೆ ತೂತಾಗಿ ಕೀವು ಹೊಸದಾಗಿ ಸೋರ್ತಾ ಇರುತ್ತೆ. ಡಾಕ್ಟರ್ ನೋಡಿದ ಮೇಲೆ ನೀವು ಕೇಳ್ಬೇಕಾದ ಪ್ರಶ್ನೆ ಒಂದೇ, "ತಮಟೆ ಉಬ್ಬಿದ್ಯಾ, ಯಾವ ಕಿವಿ?" ಕಿವೀಲಿ ಗುಗ್ಗೆ ತುಂಬಿ ತಮಟೆ ಕಾಣಲ್ಲ ಅಂದ್ರೆ ಅದನ್ನ ತೆಗ್ದು ನೋಡ್ಬೇಕು, ಕಾಣದೇ ಬರೆದ ಔಷಧಿ ಅಂದಾಜಿನ ಔಷಧಿ.

ಹಾಗಾಗಿ ಫೋನಲ್ಲೇ ಒಂದು ನೋಟ್ ಮಾಡಿಟ್ಕೊಳ್ಳಿ. ತಾರೀಖು, ಯಾವ ಕಿವಿ, ಉಬ್ಬಿತ್ತಾ ಸೋರ್ತಾ, ಜ್ವರ ಎಷ್ಟು, ಯಾವ ಔಷಧಿ ಎಷ್ಟು ದಿನ ಕೊಟ್ರಿ, ಮತ್ತೆ ಆಮೇಲೆ ಯಾವಾಗ ಕಿವಿ ತೋರಿಸಿದ್ರಿ, ಆಗ ನೀರು ಇತ್ತಾ. ಈ ಕೊನೇದನ್ನ ಯಾರೂ ಬರೆಯಲ್ಲ, ಅದೇ ನನಗೆ ಬೇಕಾಗಿರೋದು. ಪದೇ ಪದೇ ಆಗೋ ಇನ್ಫೆಕ್ಷನ್ ಅಂತ ನಾವು ಕರೆಯೋದು 6 ತಿಂಗಳಲ್ಲಿ 3 ಸಲ, ಇಲ್ಲಾ 12 ತಿಂಗಳಲ್ಲಿ 4 ಸಲ ಆಗಿ ಅದರಲ್ಲಿ ಒಂದಾದ್ರೂ ಈಚಿನ 6 ತಿಂಗಳಲ್ಲಿ ಆಗಿದ್ರೆ, ಅದೂ ಪ್ರತಿಯೊಂದೂ ಬೇರೆ ಬೇರೆ ಸಲ ಬಂದಿದ್ದಾಗಿರ್ಬೇಕು. ಒಂದು ಇನ್ಫೆಕ್ಷನ್ ಮೊದಲ ಔಷಧಿಗೆ ಹೋಗ್ಲಿಲ್ಲ ಅಂತ ವಾರದೊಳಗೆ ಎರಡನೇ ಔಷಧಿ ಕೊಟ್ಟಿದ್ರೆ ಅದು ಎರಡು ಸಲ ಅಲ್ಲ, ಒಂದೇ.

ಇನ್ಫೆಕ್ಷನ್ ಇರೋವಾಗ ಮೊದಲು ನೋವು ಕಡಿಮೆ ಮಾಡಿ. ಪ್ಯಾರಾಸಿಟಮಾಲ್ ಮಗುವಿನ ತೂಕದ ಕೆಜಿಗೆ 15 ಮಿಲಿಗ್ರಾಂ ತನಕ ಒಂದು ಡೋಸ್, 10 ಕೆಜಿ ಮಗುವಿಗೆ 150 ಮಿಲಿಗ್ರಾಂ, ಅದನ್ನ ಎಷ್ಟು ಗಂಟೆಗೊಂದ್ಸಲ ಅಂತ ಡಾಕ್ಟರ್ ಹೇಳಿದ ಹಾಗೆ. ಸಿರಪ್‌ಗಳಲ್ಲಿ ಸ್ಟ್ರೆಂತ್ ಬೇರೆ ಬೇರೆ ಇರುತ್ತೆ, ಬಾಟಲಿ ಓದಿ ಎಷ್ಟು ಎಂಎಲ್ ಅಂತ ಲೆಕ್ಕ ಹಾಕ್ಬೇಕು. 6 ತಿಂಗಳ ಒಳಗಿನ ಕೂಸಿಗೆ ಆ್ಯಂಟಿಬಯೋಟಿಕ್ ಬೇಕೇ ಬೇಕು. 2 ವರ್ಷ ದಾಟಿದ, ಜಾಸ್ತಿ ಜ್ವರ ಇಲ್ಲದ, ಕಿವಿ ಸೋರದ ಮಗು ಆದ್ರೆ 48ರಿಂದ 72 ಗಂಟೆ ನೋವಿನ ಔಷಧಿ ಮಾತ್ರ ಕೊಟ್ಟು ಕಾದು ನೋಡೋದೂ ಸರಿಯಾದ ಚಿಕಿತ್ಸೆನೇ, ಆದ್ರೆ ಡಾಕ್ಟರ್ ನೋಡಿ ಹೇಳಿದ ಮೇಲೆ. ನೆಗಡಿ ಸಿರಪ್, ಅಲರ್ಜಿ ಸಿರಪ್ ಕಿವಿ ಒಳಗಿನ ನೀರನ್ನ ಒಣಗಿಸಲ್ಲ, ಎಷ್ಟೋ ಮಕ್ಕಳು ಸುಮ್ನೆ ತಿಂಗಳುಗಟ್ಟಲೆ ಕುಡೀತಾರೆ ನೋಡಿ ನನಗೆ ಬೇಜಾರಾಗುತ್ತೆ.

ಮನೇಲಿ ಬದಲಾಯಿಸೋಕಾಗೋದು

ಕೊಳವೆ ಬೆಳೆಯೋದನ್ನ ನಾವು ಬೇಗ ಮಾಡ್ಸೋಕಾಗಲ್ಲ. ಆದ್ರೆ ಕೆಲವು ವಿಷಯ ನಮ್ಮ ಕೈಲಿದೆ. ಮಲಗಿಸ್ಕೊಂಡು ಬಾಟಲಿ ಹಾಲು ಕುಡಿಸಿದ್ರೆ ಹಾಲು ಮೂಗಿನ ಹಿಂಭಾಗಕ್ಕೆ ಹೋಗಿ ಆ ಅಡ್ಡ ಕೊಳವೆ ಬಾಯಿಗೇ ತಲುಪುತ್ತೆ, ಅದಕ್ಕೆ ತಲೆ ಎತ್ತಿ ಹಿಡ್ಕೊಂಡು ಕುಡಿಸಿ, ಬಾಯಲ್ಲಿ ಬಾಟಲಿ ಇಟ್ಕೊಂಡೇ ನಿದ್ದೆ ಮಾಡೋ ಅಭ್ಯಾಸ ಬಿಡಿಸಿ. 6 ತಿಂಗಳ ಮೇಲೆ ಪ್ಯಾಸಿಫೈಯರ್ ಕಡಿಮೆ ಮಾಡ್ತಾ ಬನ್ನಿ. ಮನೇಲಿ ಯಾರೂ ಸಿಗರೇಟ್ ಸೇದ್ಬಾರ್ದು, ಬಾಲ್ಕನಿಗೆ ಹೋಗಿ ಸೇದಿ ಬಂದ್ರೂ ಬಟ್ಟೇಲಿ ಹೊಗೆ ಒಳಗೆ ಬರುತ್ತೆ. ನ್ಯುಮೋಕಾಕಲ್ ಲಸಿಕೆ ಪೂರ್ತಿ ಆಗಿದ್ಯಾ ನೋಡಿ, ಫ್ಲೂ ಲಸಿಕೆ ಬಗ್ಗೆ ಡಾಕ್ಟರನ್ನ ಕೇಳಿ. ಡೇಕೇರ್‌ಗೆ ಹೋಗೋ ಮಗುಗೆ ಇನ್ಫೆಕ್ಷನ್ ಜಾಸ್ತಿ ಅನ್ನೋದು ನಿಜ, ಜಾಸ್ತಿ ಮಕ್ಕಳಿದ್ದಷ್ಟೂ ಜಾಸ್ತಿ ನೆಗಡಿ, ಆದ್ರೆ ಕೆಲಸಕ್ಕೆ ಹೋಗೋ ಅಮ್ಮನಿಗೆ ಡೇಕೇರ್ ಬಿಡಿಸಿ ಅನ್ನೋದು ಸುಲಭದ ಮಾತಲ್ಲ, ಸಾಧ್ಯ ಆದ್ರೆ ಕಡಿಮೆ ಮಕ್ಕಳಿರೋ ಕಡೆ ಹುಡುಕಿ, ಆಗ್ಲಿಲ್ಲ ಅಂದ್ರೆ ತಪ್ಪು ಮಾಡ್ತಿದೀನಿ ಅಂತ ಕೊರಗ್ಬೇಡಿ.

ಇನ್ಫೆಕ್ಷನ್ ಬರದೇ ಇರ್ಲಿ ಅಂತ ದಿನಾ ಸಣ್ಣ ಡೋಸ್ ಆ್ಯಂಟಿಬಯೋಟಿಕ್ ತಿಂಗಳುಗಟ್ಟಲೆ ಕೊಡೋ ಪದ್ಧತಿ ಹಿಂದೆ ಇತ್ತು, ಈಗ ಅದನ್ನ ಹೇಳಲ್ಲ, ಸಿಗೋ ಲಾಭ ಸಣ್ಣದು, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತೆ.

ಮಗು ಆರಾಮಾಗಿರೋವಾಗ ಕಿವಿ ತೋರಿಸಿ

ಇದೇ ಎಲ್ಲಾರೂ ಬಿಟ್ಟುಬಿಡೋ ಹೆಜ್ಜೆ. ಜ್ವರ ಹೋಯ್ತು, ಮಗು ನಗ್ತಿದೆ, ಮತ್ತೆ ಯಾಕೆ ಆಸ್ಪತ್ರೆ ಅಂತ ಅನ್ಸುತ್ತೆ. ಆದ್ರೆ ಇನ್ಫೆಕ್ಷನ್ ವಾಸಿ ಆದ್ಮೇಲೂ ಕೀವಿನ ಜಾಗದಲ್ಲಿ ಬ್ಯಾಕ್ಟೀರಿಯಾ ಸತ್ತ ನೀರು ಉಳ್ಕೊಳುತ್ತೆ, ಒಂದು ತಿಂಗಳಾದ್ಮೇಲೂ ಹೆಚ್ಚುಕಡಿಮೆ ಅರ್ಧ ಮಕ್ಕಳಲ್ಲಿ ಇರುತ್ತೆ, 3 ತಿಂಗಳಿಗೆ ಹತ್ತರಲ್ಲಿ ಒಂದು ಮಗುಗೆ ಇಳಿಯುತ್ತೆ. ಅಂದ್ರೆ ಎರಡು ವಾರಕ್ಕೆ ನೋಡಿ "ಇನ್ನೂ ನೀರಿದೆ, ಟ್ಯೂಬ್ ಹಾಕಿ" ಅಂದ್ರೆ ಅದು ಆತುರ. ಯಾವ ಮಗುವಿನ ಕಿವಿ ನೆಗಡಿ ಇಲ್ಲದ ದಿನಗಳಲ್ಲಿ ಪೂರ್ತಿ ಒಣಗಿ ಗಾಳಿ ತುಂಬುತ್ತೋ ಆ ಮಗುವಿನ ಕೊಳವೆ ಕೆಲಸ ಮಾಡ್ತಿದೆ ಅಂತ ಅರ್ಥ. ಯಾವ ಮಗುಗೆ ನೀರು ನಿಂತೇ ಇದ್ಯೋ ಅದಕ್ಕೆ ಮುಂದಿನ ನೆಗಡಿಗೆ ಮತ್ತೆ ಕೀವಾಗೋ ಸಾಧ್ಯತೆ ಜಾಸ್ತಿ, ಜೊತೆಗೆ ಇಡೀ ಹೊತ್ತು ಕಿವಿ ಮಂದ.

ನೋಡೋದಕ್ಕೆ ಟಿಂಪನೋಮೆಟ್ರಿ ಅನ್ನೋ ಟೆಸ್ಟ್ ಇದೆ. ಮೆತ್ತನೆ ತುದಿ ಇರೋ ಪ್ರೋಬ್ ಕಿವಿ ಬಾಯಿಗೆ ಇಟ್ಟು ಒಂಚೂರು ಗಾಳಿ ಒತ್ತಡ ಕೊಡುತ್ತೆ, ತಮಟೆ ಆಡುತ್ತಾ ಇಲ್ವಾ ಅಂತ ಗ್ರಾಫ್ ಬರುತ್ತೆ, ಕೆಲವೇ ಸೆಕೆಂಡು, ನೋವಿಲ್ಲ. ಗ್ರಾಫ್‌ನಲ್ಲಿ ಬೆಟ್ಟದ ತರ ಗೆರೆ ಎದ್ದಿದ್ರೆ ಗಾಳಿ ಇದೆ, ಅದನ್ನ ಟೈಪ್ ಎ ಅಂತಾರೆ. ಗೆರೆ ಚಪ್ಪಟೆ ಇದ್ರೆ ಟೈಪ್ ಬಿ, ನೀರಿರ್ಬಹುದು. ಇರ್ಬಹುದು ಅಂತ ಯಾಕೆ ಹೇಳ್ತೀನಿ ಅಂದ್ರೆ ಗುಗ್ಗೆ ಅಡ್ಡ ಇದ್ರೂ, ಪ್ರೋಬ್ ಕಿವಿ ಗೋಡೆಗೆ ಒತ್ಕೊಂಡಿದ್ರೂ ಚಪ್ಪಟೆ ಬರುತ್ತೆ, ತಮಟೇಲಿ ತೂತಿದ್ರೂ ಚಪ್ಪಟೆ ಬರುತ್ತೆ ಆದ್ರೆ ಆಗ ಪಕ್ಕದಲ್ಲಿರೋ ವಾಲ್ಯೂಮ್ ನಂಬರ್ ದೊಡ್ಡದಿರುತ್ತೆ. ಅದಕ್ಕೆ ಗ್ರಾಫ್ ಜೊತೆ ಡಾಕ್ಟರ್ ಕಣ್ಣಲ್ಲಿ ನೋಡಿರ್ಲೇಬೇಕು.

ಒಂದು ಉದಾಹರಣೆ ತಗೊಳ್ಳೋಣ

ಕಾಲ್ಪನಿಕ ಮಗು, ಆದ್ರೆ ನಾವು ದಿನಾ ನೋಡೋ ತರದ್ದೇ. 10 ತಿಂಗಳಿಗೆ ಡೇಕೇರ್ ಶುರು. 11ನೇ ತಿಂಗಳಲ್ಲಿ ಎಡಗಿವಿ ಉಬ್ಬಿ ಜ್ವರ, ಆ್ಯಂಟಿಬಯೋಟಿಕ್. 12ನೇ ತಿಂಗಳಲ್ಲಿ ಮಗು ಕಿವಿ ಎಳ್ಕೊಳ್ತು, ತಮಟೆ ಕೆಂಪಗಿತ್ತು ಆದ್ರೆ ಉಬ್ಬಿರ್ಲಿಲ್ಲ, ಆದ್ರೂ ಆ್ಯಂಟಿಬಯೋಟಿಕ್. 14ಕ್ಕೆ ಎರಡೂ ಕಿವಿ ಉಬ್ಬಿತ್ತು. 16ಕ್ಕೆ ರಾತ್ರಿಯೆಲ್ಲಾ ಅತ್ತು ಬೆಳಗ್ಗೆ ದಿಂಬಿನ ಮೇಲೆ ಕೀವು, ಬಲಗಿವಿ ತಮಟೆ ತೂತಾಗಿದೆ, ಒತ್ತಡ ಇಳಿದಿದ್ದರಿಂದ ಅಳು ನಿಂತಿದೆ. ಅಮ್ಮನ ಲೆಕ್ಕದಲ್ಲಿ ನಾಲ್ಕು, ನನ್ನ ಲೆಕ್ಕದಲ್ಲಿ ಮೂರು, ಯಾಕಂದ್ರೆ 12ನೇ ತಿಂಗಳದ್ದು ಬಹುಶಃ ಬರೀ ನೆಗಡಿ. ಆದ್ರೂ 6 ತಿಂಗಳೊಳಗೆ ಮೂರು ಆಯ್ತು, ಪದೇ ಪದೇ ಅನ್ನೋ ಲೆಕ್ಕಕ್ಕೆ ಬಂತು.

ಮೂರು ವಾರ ಬಿಟ್ಟು ನೋಡಿದ್ರೆ ತೂತು ಮುಚ್ಕೊಂಡಿದೆ, ಎರಡೂ ಕಿವಿ ಗ್ರಾಫ್ ಚಪ್ಪಟೆ. ಇಲ್ಲಿ ತಕ್ಷಣ ಆಪರೇಷನ್ ಅಂತ ನಾನು ಹೇಳಲ್ಲ, ಮೂರು ವಾರಕ್ಕೆ ನೀರಿರೋದು ಸಾಮಾನ್ಯ. ಬಾಟಲಿ, ಪ್ಯಾಸಿಫೈಯರ್, ಹೊಗೆ ಎಲ್ಲಾ ಕೇಳಿ ಸರಿ ಮಾಡ್ಸಿ ಮತ್ತೆ ಬನ್ನಿ ಅಂತೀನಿ. ಮಧ್ಯೆ ಹದಿನೇಳೂವರೆ ತಿಂಗಳಿಗೆ ಮತ್ತೊಂದು ಇನ್ಫೆಕ್ಷನ್. 19ನೇ ತಿಂಗಳಿಗೆ ಬಂದಾಗ ನೆಗಡಿ ಇಲ್ಲ, ಜ್ವರ ಇಲ್ಲ, ಮಗು ಓಡಾಡ್ತಿದೆ, ಆದ್ರೆ ಎರಡೂ ಕಿವೀಲೂ ನೀರು. ಹಿಂದಿನಿಂದ ಕರೆದ್ರೆ ತಿರುಗಲ್ಲ ಅಂತ ಅಮ್ಮ ಹೇಳ್ತಾರೆ. ಕೇಳಿಸೋ ಟೆಸ್ಟ್ ಮಾಡಿಸಿದ್ರೆ (ಈ ವಯಸ್ಸಿನ ಮಗುಗೆ ಶಬ್ದ ಬಂದ ಕಡೆ ತಿರುಗಿದಾಗ ಬೊಂಬೆ ಬೆಳಗೋ ತರ ಆಟದ ಟೆಸ್ಟ್ ಇದೆ) ಸುಮಾರು 30 ಡೆಸಿಬಲ್ ಕಡಿಮೆ, ಮೆಲ್ಲಗಾಡೋ ಮಾತು ಕಿವಿಗೆ ಬೀಳೋದೇ ಇಲ್ಲ. ಈಗ ಗ್ರೋಮೆಟ್ ಹಾಕೋದಕ್ಕೆ ಗಟ್ಟಿ ಕಾರಣ ಇದೆ.

ಇದೇ ಮಗು 19ನೇ ತಿಂಗಳಿಗೆ ಬಂದಾಗ ಎರಡೂ ಕಿವಿ ಒಣಗಿ ಟೈಪ್ ಎ ಬಂದಿದ್ರೆ? ನಾಲ್ಕು ಇನ್ಫೆಕ್ಷನ್ ಆಗಿದ್ರೂ ನಾನು ಟ್ಯೂಬ್ ಬೇಡ, ಕಾಯೋಣ ಅಂತಾನೇ ಹೇಳ್ತಿದ್ದೆ. ಅಮೆರಿಕದ ಇಎನ್‌ಟಿ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚೀಲೂ ಇದೇ ಇದೆ, ಪದೇ ಪದೇ ಇನ್ಫೆಕ್ಷನ್ ಆಗೋ ಮಗುವನ್ನ ನೋಡೋವಾಗ ಒಂದು ಕಿವೀಲಾದ್ರೂ ನೀರಿದ್ರೆ ಟ್ಯೂಬ್ ಹಾಕಬಹುದು ಅಂತ ಹೇಳಿ, ಎರಡೂ ಕಿವಿ ಒಣಗಿದ್ರೆ ಹಾಕ್ಬೇಡಿ. ಇನ್ಫೆಕ್ಷನ್ ಲೆಕ್ಕ ಏನೇ ಇರ್ಲಿ, ಎರಡೂ ಕಿವೀಲಿ 3 ತಿಂಗಳಿಗಿಂತ ಜಾಸ್ತಿ ನೀರು ನಿಂತು ಕೇಳಿಸೋದು ಕಡಿಮೆ ಆಗಿದ್ರೆ ಅದೂ ಒಂದು ಕಾರಣವೇ. ಮಾತು ತಡ ಆಗಿರೋ ಮಗು, ಮೊದಲೇ ಕಿವಿ ದೋಷ ಇರೋ ಮಗು, ಹಲವು ಆ್ಯಂಟಿಬಯೋಟಿಕ್‌ಗೆ ಅಲರ್ಜಿ ಇರೋ ಮಗು, ಇನ್ಫೆಕ್ಷನ್ ಕಿವಿ ದಾಟಿ ಹರಡಿದ್ದ ಮಗು, ಇವರಿಗೆಲ್ಲಾ ಸ್ವಲ್ಪ ಬೇಗನೇ ಯೋಚ್ನೆ ಮಾಡ್ತೀವಿ.

ಗ್ರೋಮೆಟ್ ಏನ್ ಮಾಡುತ್ತೆ, ಏನ್ ಮಾಡಲ್ಲ

ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಸರಿಯಾಗಿ ಬೀಳಲ್ಲ, ಗಾಳಿಗೆ ಇನ್ನೊಂದು ತೂತು ಮಾಡಿದ್ರೆ ಸಲೀಸಾಗಿ ಬೀಳುತ್ತಲ್ವಾ, ಗ್ರೋಮೆಟ್ ಅನ್ನೋದು ಆ ಎರಡನೇ ತೂತು. ಒಳಗಿನ ರಂಧ್ರ ಒಂದು ಮಿಲಿಮೀಟರ್ ಆಸುಪಾಸು ಇರೋ ಪುಟ್ಟ ಬಿಲ್ಲೆ. ಮಗುಗೆ ಮಾಸ್ಕ್‌ನಲ್ಲಿ ಅನಸ್ತೇಶಿಯಾ ಕೊಟ್ಟು ಮಲಗಿಸಿ, ಮೈಕ್ರೋಸ್ಕೋಪ್‌ನಲ್ಲಿ ನೋಡ್ತಾ ತಮಟೆ ಕೆಳಭಾಗದಲ್ಲಿ ಸಣ್ಣ ಗೀರು ಹಾಕಿ, ಒಳಗಿನ ನೀರು ಸಕ್ಷನ್ ಮಾಡಿ, ಆ ಗೀರಲ್ಲಿ ಇದನ್ನ ಕೂರಿಸ್ತಾರೆ. ಎರಡೂ ಕಿವಿಗೆ ಸೇರಿ ಹತ್ತು ಹದಿನೈದು ನಿಮಿಷದ ಕೆಲಸ, ಹೊರಗೆ ಗಾಯ ಇಲ್ಲ, ಹೊಲಿಗೆ ಇಲ್ಲ, ಸಾಮಾನ್ಯವಾಗಿ ಅದೇ ದಿನ ಮನೆಗೆ. ನೀರಿನಿಂದ ಮಂದ ಆಗಿದ್ದ ಕಿವಿ ಬೇಗನೇ ಸುಧಾರಿಸುತ್ತೆ, ಎಷ್ಟೋ ಮಕ್ಕಳು ಮಿಕ್ಸಿ ಶಬ್ದಕ್ಕೆ ಬೆಚ್ಚಿಬೀಳ್ತಾರೆ, ಅದು ಒಳ್ಳೇ ಲಕ್ಷಣ.

ಆದ್ರೆ ಇದು ಹಾಕಿದ್ಮೇಲೆ ಇನ್ಫೆಕ್ಷನ್ನೇ ಬರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. 2021ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 250 ಮಕ್ಕಳ ಅಧ್ಯಯನ ಬಂತು, 6ರಿಂದ 35 ತಿಂಗಳ, ಪದೇ ಪದೇ ಇನ್ಫೆಕ್ಷನ್ ಆಗ್ತಿದ್ದ ಮಕ್ಕಳು, ಕೆಲವರಿಗೆ ಟ್ಯೂಬ್, ಉಳಿದವರಿಗೆ ಬಂದಾಗ ಬಂದಾಗ ಔಷಧಿ. ಎರಡು ವರ್ಷ ನೋಡಿದ್ರೆ ಟ್ಯೂಬ್ ಹಾಕಿದವರಿಗೆ ವರ್ಷಕ್ಕೆ ಸರಾಸರಿ 1.48 ಸಲ, ಹಾಕದವರಿಗೆ 1.56 ಸಲ, ಅಂದ್ರೆ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ಎರಡೂ ಗುಂಪಲ್ಲಿ ಮಕ್ಕಳು ದೊಡ್ಡವರಾದಂತೆ ಇನ್ಫೆಕ್ಷನ್ ಕಡಿಮೆ ಆಯ್ತು. ಹಾಗಂತ ಟ್ಯೂಬ್ ದಂಡ ಅಂತಲ್ಲ, ನೀರು ನಿಂತಿರೋ ಮಗುಗೆ ಕೇಳಿಸೋದು ಸರಿಹೋಗುತ್ತೆ, ಮತ್ತೆ ಇನ್ಫೆಕ್ಷನ್ ಬಂದ್ರೂ ಕೀವು ಒತ್ತಡ ಕಟ್ಟದೆ ಹೊರಗೆ ಹರಿಯೋದ್ರಿಂದ ನೋವು ಕಡಿಮೆ, ಬಾಯಿ ಮೂಲಕ ಆ್ಯಂಟಿಬಯೋಟಿಕ್ ಬದಲು ಕಿವಿ ಡ್ರಾಪ್ಸ್‌ನಲ್ಲೇ ಮುಗಿಯುತ್ತೆ. ಒಣ ಕಿವಿ ಮಗುಗೆ ಈ ಲಾಭಕ್ಕಾಗಿ ಅನಸ್ತೇಶಿಯಾ ಕೊಡೋದು ಯಾಕೆ ಅನ್ನೋದು ನನ್ನ ಅಭಿಪ್ರಾಯ.

ಹಾಕಿದ ಮೇಲೆ

ಸೋರೋದನ್ನ ನೋಡಿ ಗಾಬರಿ ಆಗ್ಬೇಡಿ. ನೆಗಡಿ ಬಂದಾಗ ಹಳದಿ ನೀರೋ ಕೀವೋ ಬಂದ್ರೆ ಟ್ಯೂಬ್ ತೆರೆದಿದೆ ಅಂತ ಅರ್ಥ. ಆಗ ಡಾಕ್ಟರ್ ಬರೆದ ಸಿಪ್ರೊಫ್ಲಾಕ್ಸಾಸಿನ್ ಇಲ್ಲಾ ಓಫ್ಲಾಕ್ಸಾಸಿನ್ ತರದ ಡ್ರಾಪ್ಸ್ ಹಾಕ್ಬೇಕು. ಮೊದಲು ಹೊರಗೆ ಕಾಣೋ ಕೀವನ್ನ ಒರೆಸಿ, ಬಾಟಲಿನ ಕೈಯಲ್ಲಿ ಹಿಡ್ಕೊಂಡು ಬೆಚ್ಚಗೆ ಮಾಡಿ, ಮಗುನ ಪಕ್ಕಕ್ಕೆ ಮಲಗಿಸಿ ಹನಿ ಹಾಕಿ, ಕಿವಿ ರಂಧ್ರದ ಮುಂದಿರೋ ಪುಟ್ಟ ಗುಬುಟನ್ನ ನಾಲ್ಕೈದು ಸಲ ಒತ್ತಿ ಬಿಡಿ, ಹಾಗೆ ಒತ್ತಿದ್ರೇನೇ ಔಷಧಿ ಟ್ಯೂಬ್ ಮೂಲಕ ಒಳಗೆ ಹೋಗೋದು. ಮನೇಲಿರೋ ಹಳೇ ಕಿವಿ ಡ್ರಾಪ್ಸ್ ಹಾಕ್ಬೇಡಿ, ಜೆಂಟಾಮೈಸಿನ್, ನಿಯೋಮೈಸಿನ್ ಇರೋ ಡ್ರಾಪ್ಸ್ ತೆರೆದ ಟ್ಯೂಬ್‌ನಿಂದ ಒಳಗಿವಿಗೆ ಹೋದ್ರೆ ಕೇಳಿಸೋ ನರಕ್ಕೆ ಹಾನಿ ಆಗಬಹುದು. ಒಂದು ವಾರಕ್ಕೂ ಸೋರೋದು ನಿಲ್ಲಲಿಲ್ಲ ಅಂದ್ರೆ ತೋರಿಸಿ, ಕೀವನ್ನ ಸಕ್ಷನ್ ಮಾಡಿ ತೆಗೀಬೇಕಾಗಬಹುದು.

ಸ್ನಾನಕ್ಕೆ, ಮೇಲ್ಮೇಲೆ ಈಜೋದಕ್ಕೆ ಹೆಚ್ಚಿನ ಮಕ್ಕಳಿಗೆ ಇಯರ್‌ಪ್ಲಗ್ ಬೇಕಾಗಲ್ಲ. ಸೋಪು ನೀರಲ್ಲಿ ತಲೆ ಮುಳುಗಿಸೋದು, ಆಳಕ್ಕೆ ಡೈವ್ ಮಾಡೋದು, ಕೆರೆ ನೀರು, ಇದು ಬೇಡ. ನೀರು ಹೋದಾಗೆಲ್ಲಾ ನೋವು ಅಂತ ಮಗು ಹೇಳಿದ್ರೆ ಪ್ಲಗ್ ಹಾಕಿ.

ಯಾವಾಗ ಕಾಯದೇ ಓಡಬೇಕು ಅಂತ ಟ್ಯೂಬ್ ಇರೋರಿಗೂ ಇಲ್ಲದವರಿಗೂ ಸೇರಿಸಿ ಹೇಳ್ತೀನಿ: ಕಿವಿ ಹಿಂದೆ ಊದಿ ಕೆಂಪಾಗಿ ಕಿವಿ ಮುಂದಕ್ಕೆ ತಳ್ಳಿದ ಹಾಗೆ ಕಂಡ್ರೆ, ಮುಖ ಒಂದು ಕಡೆ ವಾಲಿದ್ರೆ, ಕತ್ತು ಬಗ್ಗಿಸೋಕಾಗ್ದೆ ವಾಂತಿ ಮಾಡ್ತಾ ಮಂಕಾಗಿದ್ರೆ, ನಡೆಯೋ ಮಗು ಇದ್ದಕ್ಕಿದ್ದ ಹಾಗೆ ತೂರಾಡಿದ್ರೆ, ಅದೇ ಹೊತ್ತಿಗೆ ಎಮರ್ಜೆನ್ಸಿಗೆ ಹೋಗಿ. 3 ತಿಂಗಳ ಒಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದ್ರೂ ಅಷ್ಟೇ.

ಟ್ಯೂಬ್ ತೆಗೆಯೋಕೆ ಮತ್ತೊಂದು ಆಪರೇಷನ್ ಸಾಮಾನ್ಯವಾಗಿ ಬೇಕಿಲ್ಲ. ತಮಟೆ ಬೆಳೀತಾ ಬೆಳೀತಾ ಅದನ್ನ 6ರಿಂದ 18 ತಿಂಗಳೊಳಗೆ ಹೊರಗೆ ತಳ್ಳುತ್ತೆ, ಗುಗ್ಗೆ ಜೊತೆ ಬಿದ್ದುಹೋಗುತ್ತೆ, ಎಷ್ಟೋ ಸಲ ಗೊತ್ತೂ ಆಗಲ್ಲ. ಅದಕ್ಕೆ ಬೀಳೋ ತನಕ ನಾಲ್ಕಾರು ತಿಂಗಳಿಗೊಮ್ಮೆ ತೋರಿಸ್ತಾ ಇರ್ಬೇಕು. ನೂರರಲ್ಲಿ ಸುಮಾರು ಇಬ್ಬರು ಮಕ್ಕಳಲ್ಲಿ ಟ್ಯೂಬ್ ಬಿದ್ಮೇಲೂ ತೂತು ಮುಚ್ಚದೇ ಉಳಿಯುತ್ತೆ, ಆಗ ದೊಡ್ಡವರಾದ್ಮೇಲೆ ಅದನ್ನ ಮುಚ್ಚೋ ಆಪರೇಷನ್ ಬೇಕಾಗಬಹುದು. ತಮಟೆ ಮೇಲೆ ಬಿಳಿ ಕಲೆ ಉಳಿಯೋದೂ ಉಂಟು, ಅದರಿಂದ ಕೇಳಿಸೋದಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ.

ಬಿದ್ಮೇಲೆ ಮತ್ತೆ ನೀರು ತುಂಬಿ ಎರಡನೇ ಸಲ ಟ್ಯೂಬ್ ಅನ್ನೋ ಮಾತು ಬಂದ್ರೆ, ಆಗ ಅಡಿನಾಯ್ಡ್ ಬಗ್ಗೆ ಕೇಳಿ. ಮೂಗಿನ ಹಿಂದೆ ಕೊಳವೆ ಬಾಯಿ ಪಕ್ಕದಲ್ಲೇ ಇರೋ ಈ ಮಾಂಸದ ಗಡ್ಡೆ ಬ್ಯಾಕ್ಟೀರಿಯಾ ಗೂಡು, 4 ವರ್ಷ ಮತ್ತು ಮೇಲಿನ ಮಕ್ಕಳಲ್ಲಿ ಟ್ಯೂಬ್ ಜೊತೆ ಅದನ್ನೂ ತೆಗೆದ್ರೆ ಮೂರನೇ ಸಲ ಟ್ಯೂಬ್ ಬೇಕಾಗೋ ಸಾಧ್ಯತೆ ಕಡಿಮೆ ಆಗುತ್ತೆ. ಮಗು ಬಾಯಿ ತೆರ್ಕೊಂಡು ಮಲಗುತ್ತೆ, ಗೊರಕೆ ಹೊಡೆಯುತ್ತೆ ಅಂದ್ರೆ ಅದನ್ನೂ ಅದೇ ಭೇಟೀಲಿ ಹೇಳಿ.